ಸನ್‌ರೂಫಿನ ನಾಲ್ಕು ಪೈಪುಗಳು

ಮೊದಲ ಸಲ ನೀರು ಬಿದ್ದದ್ದು ನಂತೂರು ಸರ್ಕಲಿನಲ್ಲಿ. ಎದುರಿನ ಬಸ್ಸು ಹೇಳದೆ ಕೇಳದೆ ನಿಂತಿತು, ನಾನೂ ಬ್ರೇಕ್ ಒತ್ತಿದೆ, ತಲೆಯ ಮೇಲಿನ ಪುಟ್ಟ ದೀಪದ ಸಂದಿಯಿಂದ ಒಂದು ಲೋಟದಷ್ಟು ತಣ್ಣನೆಯ ನೀರು ಸೀದಾ ನನ್ನ ಮಡಿಲಿಗೆ ಸುರಿಯಿತು. ಅಂದು ಸುರತ್ಕಲ್‌ನ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಕುರ್ಚಿ ಬಿಟ್ಟು ಏಳದೆ ಪಾಠ ಮಾಡಿದೆ. ಎದ್ದು ಬೋರ್ಡಿನ ಹತ್ತಿರ ಹೋಗುವ ಸ್ಥಿತಿಯಲ್ಲಿ ಸೀರೆ ಇರಲಿಲ್ಲ.

ಆ ಕಾರು ಇವರದು. ಇವರು ಎಂದರೆ ನನ್ನ ಗಂಡ. ತೀರಿಕೊಂಡು ಆಗ ಒಂದೂವರೆ ವರ್ಷವಾಗಿತ್ತು. ಮಕ್ಕಳಿಲ್ಲದ ನಮ್ಮಿಬ್ಬರ ಮನೆಯಲ್ಲಿ ಕಾರು ಕೊಳ್ಳುವಾಗ ನಡೆದ ಜಗಳವೇ ಈ ಸನ್‌ರೂಫಿನದ್ದು. "ಮಂಗಳೂರಿನಲ್ಲಿ ಅರ್ಧ ವರ್ಷ ಮಳೆ, ಅರ್ಧ ವರ್ಷ ಸೆಕೆ. ತಲೆಯ ಮೇಲೆ ಕಿಟಕಿ ಯಾರಿಗೆ ಬೇಕು?" ಎಂದು ನಾನು ಕೇಳಿದ್ದೆ. ಇವರು ಉತ್ತರ ಕೊಡಲಿಲ್ಲ, ಕಾರು ಮಾತ್ರ ತಂದರು. ಇವರ ಕ್ರಮವೇ ಅದು. ಮಾತು ಖರ್ಚು ಮಾಡುವ ಕೆಲಸವನ್ನೆಲ್ಲ ನನಗೆ ಬಿಟ್ಟಿದ್ದರು.

ಇವರು ಹೋದ ಮೇಲೆ ಒಂದು ವರ್ಷ ಕಾರು ನಮ್ಮ ಕಂಕನಾಡಿಯ ಫ್ಲ್ಯಾಟಿನ ಪಾರ್ಕಿಂಗಿನಲ್ಲಿ ನಿಂತೇ ಇತ್ತು. ವರ್ಷಾಂತಿಕ ಕಳೆದ ಮೇಲೆ ನಾನೇ ಸ್ಟಿಯರಿಂಗ್ ಹಿಡಿದೆ. ಲೈಸೆನ್ಸ್ ಇತ್ತು, ಧೈರ್ಯ ಇರಲಿಲ್ಲ. ಎರಡು ತಿಂಗಳು ಬೆಳಿಗ್ಗೆ ಬೇಗ ಎದ್ದು ಖಾಲಿ ರಸ್ತೆಯಲ್ಲಿ ಅಭ್ಯಾಸ ಮಾಡಿ ಧೈರ್ಯವನ್ನೂ ಸಂಪಾದಿಸಿದೆ. ಆ ಕಾರಿನಲ್ಲಿ ಕೂತಾಗ ಮಾತ್ರ ನಾನು ಯಾರಿಗೂ ಪಾಪದವಳಲ್ಲ. ಮೆಟ್ಟಿಲಲ್ಲಿ ಎದುರಾಗುವವರ, ಸ್ಟಾಫ್ ರೂಮಿನವರ ಕರುಣೆ ಬಾಗಿಲು ಹಾಕಿದ ಕೂಡಲೇ ಹೊರಗೆ ಉಳಿಯುತ್ತಿತ್ತು.

ಈಗ ಅದರೊಳಗೆ ಮಳೆ ಬಂತು. ಎಡಗಡೆಯ ಸೀಟಿನ ಕಾಲಡಿ ಕೆಸರುಗದ್ದೆಯಾಯಿತು. ಮ್ಯಾಟ್ ಎತ್ತಿದರೆ ಹಳೆಯ ಒರಸುಬಟ್ಟೆಯ ವಾಸನೆ. ನಾನು ಆ ಸೀಟಿನ ಮೇಲೆ ಸ್ಟೀಲಿನ ಪಾತ್ರೆಯೊಂದನ್ನು ಇಟ್ಟು ಅದಕ್ಕೆ ಸೀಟ್ ಬೆಲ್ಟ್ ಕಟ್ಟಿಕೊಂಡು ಒಂದು ವಾರ ಓಡಾಡಿದೆ. ಪಕ್ಕದ ಮನೆಯವರು ಮೇಲಿನ ಗಾಜಿನ ಸುತ್ತ ಸಿಲಿಕೋನ್ ಅಂಟು ಬಳಿಯಿರಿ ಎಂದರು. ಕಾರು ತೊಳೆಯುವಲ್ಲಿನವನು ಗಾಳಿಯ ಪೈಪ್ ಹಿಡಿದು ಜೋರಾಗಿ ಊದಿದರೆ ಎಲ್ಲ ಸರಿಯಾಗುತ್ತದೆ ಎಂದ. ಅಂದು ಅಲ್ಲಿ ನಾಲ್ಕು ಕಾರು ಸಾಲಿನಲ್ಲಿದ್ದವು, ಶಾಲೆಗೆ ತಡವಾಗುತ್ತಿತ್ತು, ಹಾಗಾಗಿ ಊದಿಸದೆ ಬಚಾವಾದೆ.

ದೇವಸ್ಥಾನದಲ್ಲಿ ಅರ್ಚಕನಾಗಿರುವ ಅಣ್ಣ ಶುಕ್ರವಾರ ಫೋನ್ ಮಾಡಿದ.

"ಒಂದು ಪಾರ್ಟಿ ಉಂಟು. ಆದಿತ್ಯವಾರ ಕಾರು ನೋಡ್ಲಿಕ್ಕೆ ಬರ್ತಾರೆ. ಕೊಟ್ಟುಬಿಡು."

"ನಾನು ಎಲ್ಲಿ ಕೊಡ್ತೇನೆ ಅಂದೆ?"

"ನೀರು ಸೋರುವ ಗಾಡಿ ಇಟ್ಟುಕೊಂಡು ಎಂತ ಮಾಡ್ತೀ? ಒಳಗೆ ವಯರೆಲ್ಲ ಒದ್ದೆ ಆಗಿ ಹೈವೇಯಲ್ಲಿ ನಿಂತರೆ ಯಾರುಂಟು ನಿನಗೆ?"

ಯಾರೂ ಇಲ್ಲ ಎನ್ನುವುದು ನನಗೂ ಗೊತ್ತಿತ್ತು. ಅವನದು ಪ್ರೀತಿಯೇ, ಆದರೆ ಆ ಪ್ರೀತಿಗೆ ನಾನು ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬಂದು ಬಾಗಿಲು ಹಾಕಿಕೊಂಡರೆ ಸಮಾಧಾನ. ಭಾನುವಾರದೊಳಗೆ ಸೋರುವುದು ನಿಲ್ಲದಿದ್ದರೆ ಅವನೆದುರು ಹೇಳಲು ನನ್ನಲ್ಲಿ ಏನೂ ಉಳಿಯುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟವಳೇ ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿಗೆ ಹೋದೆ. ಇವರು ಕಾರು ತೋರಿಸುತ್ತಿದ್ದ ಗ್ಯಾರೇಜು ಅಲ್ಲಿತ್ತು. ನಾನು ಒಳಗೆ ಕಾಲಿಟ್ಟದ್ದು ಅದೇ ಮೊದಲು. ನರೆತ ಗಡ್ಡದ ಮೆಕ್ಯಾನಿಕ್ ನನಗಿಂತ ಮೊದಲು ಕಾರನ್ನು ಗುರುತಿಸಿದರು.

"ಸರ್‌ದು ಕಾರಲ್ವಾ ಇದು?" ಎಂದವರು ನನ್ನ ಬರಿ ಹಣೆ ನೋಡಿದರು. ಅವರಿಗೆ ಸುದ್ದಿ ಗೊತ್ತಿರಲಿಲ್ಲ. ನಾನು ಹೇಳಿದೆ. ಅವರು ಕೈ ಒರೆಸಿಕೊಂಡು ಕೀ ಕೇಳಿದರು.

ಆಮೇಲೆ ಕಾರನ್ನು ತಗಡಿನ ಮಾಡಿನ ಕೆಳಗೆ ನಿಲ್ಲಿಸಿ, ಸನ್‌ರೂಫ್ ತೆರೆದು, ಸ್ಟೂಲು ಹಾಕಿ ನನ್ನನ್ನೂ ಹತ್ತಿಸಿದರು. ಗಾಜಿನ ಸುತ್ತ ಕಿರಿದಾದ ಒಂದು ಚರಂಡಿ ಇತ್ತು. ಎಡಗಡೆಯ ಮುಂದಿನ ಮೂಲೆಯಲ್ಲಿ ಕಪ್ಪು ನೀರು ನಿಂತಿತ್ತು.

"ಗಾಜಿನ ಬದಿಯಿಂದ ನೀರು ಸ್ವಲ್ಪ ಬಂದೇ ಬರ್ತದೆ ಟೀಚರೇ. ಅದು ಕಂಪ್ಲೇಂಟ್ ಅಲ್ಲ. ಬಂದದ್ದು ಈ ಚರಂಡಿಗೆ ಬೀಳ್ಬೇಕು, ಮೂಲೆಯ ತೂತಿನಿಂದ ಪೈಪಲ್ಲಿ ಇಳಿದು ಚಕ್ರದ ಹತ್ರ ಹೊರಗೆ ಹೋಗ್ಬೇಕು. ನಾಲ್ಕು ಮೂಲೆಗೆ ನಾಲ್ಕು ಪೈಪ್ ಉಂಟು. ಇದು ಬ್ಲಾಕ್ ಆಗಿದೆ. ಹೋಗ್ಲಿಕ್ಕೆ ದಾರಿ ಇಲ್ಲದ್ದಕ್ಕೆ ಒಳಗೆ ಬರ್ತದೆ. ನೀವು ಬ್ರೇಕ್ ಹಾಕುವಾಗ ನಿಂತ ನೀರು ಮುಂದಕ್ಕೆ ಉಕ್ಕುತ್ತದೆ."

ಸಿಲಿಕೋನ್ ವಿಷಯ ಕೇಳಿದೆ. ಅದನ್ನು ಬಳಿದರೆ ಗಾಜೇ ಅಂಟಿಕೊಳ್ಳುತ್ತದೆ, ಪೈಪು ಕಟ್ಟಿದ್ದು ಕಟ್ಟಿದ ಹಾಗೆಯೇ ಇರುತ್ತದೆ ಎಂದರು. ಗಾಳಿ ಊದುವ ಮಾತಿಗೆ ಅವರು ಮುಖ ಸಿಂಡರಿಸಿದರು. ಜೋರು ಗಾಳಿಗೆ ಮುಂದಿನ ಗಾಜಿನ ಪಕ್ಕದ ಕಂಬದ ಒಳಗೆ ಪೈಪು ಜಾಯಿಂಟಿನಿಂದ ಕಳಚಿಕೊಂಡರೆ ಕಾರಿನ ಮಾಡಿನ ಇಡೀ ಒಳಹೊದಿಕೆ ಇಳಿಸಬೇಕು, ಅಂಚಿನಲ್ಲಿ ಏರ್‌ಬ್ಯಾಗ್ ಬೇರೆ ಇದೆ, ಅದು ಮನೆಯಲ್ಲಿ ಕೈಹಾಕುವ ಜಾಗವಲ್ಲ ಎಂದರು.

ಅವರು ಮೊದಲು ನಿಂತ ನೀರನ್ನೂ ಕಸವನ್ನೂ ವ್ಯಾಕ್ಯೂಮ್‌ನಿಂದ ಎಳೆದರು. ಕಸವನ್ನು ಒಳಕ್ಕೆ ದೂಡಬಾರದು, ಮೇಲಿನಿಂದ ಎಷ್ಟು ಬರುತ್ತದೋ ಅಷ್ಟು ಮೊದಲು ತೆಗೆಯಬೇಕು. ಆಮೇಲೆ ಚಿಮುಟದಿಂದ ತೂತಿನ ಬಾಯಿಯಲ್ಲಿದ್ದುದನ್ನು ಒಂದೊಂದೇ ಹೆಕ್ಕಿ ನನ್ನ ಅಂಗೈಗೆ ಹಾಕಿದರು. ಕೊಳೆತ ಸೇವಂತಿಗೆ ಎಸಳು. ಅಕ್ಕಿ. ಉಬ್ಬಿ ಬೆಳ್ಳಗಾಗಿ, ಅಲ್ಲಲ್ಲಿ ಇನ್ನೂ ಅರಸಿನ ಉಳಿದಿದ್ದ ಅಕ್ಕಿ.

"ಕಾರಿನ ಮೇಲೆ ಅಕ್ಕಿ ಎಂತಕ್ಕೆ?" ಅವರು ಕೇಳಿದರು.

ನನಗೆ ನಗು ಬಂತು, ಹಿಂದೆಯೇ ನಾಚಿಕೆ. ನಾನು ಡ್ರೈವ್ ಮಾಡಲು ಸುರು ಮಾಡುವ ದಿನ ಅಣ್ಣ ಕಾರಿಗೆ ಪೂಜೆ ಮಾಡಿದ್ದ. ಅಕ್ಷತೆ, ಹೂವು ಒಳಗೂ ಬೀಳಲಿ ಎಂದು ನಾನೇ ಬಟನ್ ಒತ್ತಿ ಸನ್‌ರೂಫ್ ತೆರೆದುಕೊಟ್ಟಿದ್ದೆ. ಅವನು ಕೈತುಂಬ ತೆಗೆದು ಮೇಲಿನಿಂದ ಮನಸಾರೆ ಹಾಕಿದ. ಕಾರು ಹೊಸದಾಗಿ ಬಂದಾಗಲೂ ಅವನು ಹೀಗೇ ಕೈ ಎತ್ತಿದ್ದ, ಇವರು "ಮೇಲೆ ಬೇಡ, ಬಾಗಿಲಿನಿಂದ ಹಾಕಿ" ಎಂದು ತಡೆದಿದ್ದರು. ಇವರಿಗೆ ದೇವರೆಂದರೆ ಅಷ್ಟಕ್ಕಷ್ಟೇ, ನಮ್ಮ ಮನೆಯವರೆಂದರೆ ಅದಕ್ಕೂ ಕಡಿಮೆ ಎಂದು ನಾನು ಮೂರು ದಿನ ಮಾತು ಬಿಟ್ಟಿದ್ದೆ. ಪೈಪು ಕಟ್ಟುತ್ತದೆ ಎಂದು ಒಂದು ಮಾತು ಹೇಳಬಹುದಿತ್ತಲ್ಲ ಇವರು.

ಮೆಕ್ಯಾನಿಕ್ ಅಷ್ಟರಲ್ಲಿ ಹುಲ್ಲು ಕತ್ತರಿಸುವ ಮೆಷಿನ್ನಿನ ನೈಲಾನ್ ದಾರ ತಂದರು. ಚೂಪಾದ ತುದಿಯನ್ನು ಲೈಟರಿನಲ್ಲಿ ಕಾಯಿಸಿ ಉರುಟು ಮಾಡಿ, ಆರಲು ಬಿಟ್ಟು, ತೂತಿನೊಳಗೆ ನಿಧಾನಕ್ಕೆ ಇಳಿಸಿದರು. ತಂತಿ ಹಾಕಿದರೆ ಪೈಪು ತೂತಾಗುತ್ತದಂತೆ. ದಾರ ತಡೆದಲ್ಲಿ ಒತ್ತಲಿಲ್ಲ, ಬೆರಳಲ್ಲಿ ತಿರುಗಿಸಿ ಹಿಂದಕ್ಕೆ ಎಳೆದು ಒರೆಸಿ ಮತ್ತೆ ಇಳಿಸಿದರು. ಕೆಳಗೆ ಬಾಗಿಲಿನ ಕೀಲಿನ ಹತ್ತಿರ ಪೈಪಿನ ತುದಿಯಲ್ಲಿದ್ದ ರಬ್ಬರಿನ ಬಾಯಿಯನ್ನು ಹಿಚುಕಿ ಬಿಡಿಸಿದರು. ಆಮೇಲೆ ಮೇಲಿನಿಂದ ಅರ್ಧ ಚೊಂಬು ನೀರು, ಸ್ವಲ್ಪ ಸ್ವಲ್ಪವೇ. ಚಕ್ರದ ಹಿಂದೆ ಮೊದಲು ಕಪ್ಪಗೆ, ಆಮೇಲೆ ತಿಳಿಯಾಗಿ ಇಳಿದು ಬಂತು.

"ಒಂದೆರಡು ವರ್ಷದ ಕಸ ಅಷ್ಟೆ ಇದು," ಅಂದರು ಅವರು. "ಸರ್ ಇರುವಾಗ ಮಳೆಗೆ ಮೊದಲು ವರ್ಷ ವರ್ಷ ಅವರೇ ಕ್ಲೀನ್ ಮಾಡ್ತಿದ್ರಲ್ಲ. ನನ್ನ ಹತ್ರ ನೋಡಿ ಕಲ್ತು ಹೋದದ್ದು. ನಿಮ್ಗೆ ಗೊತ್ತಿಲ್ವಾ?"

ಗೊತ್ತುಂಟು ಎಂದೆ. ಸುಳ್ಳು. ಇಪ್ಪತ್ತೆರಡು ವರ್ಷ ಜೊತೆಗಿದ್ದವಳಿಗೆ ಗೊತ್ತಿಲ್ಲದ್ದು ತೊಕ್ಕೊಟ್ಟಿನ ಮೆಕ್ಯಾನಿಕ್‌ಗೆ ಗೊತ್ತಿತ್ತು ಎಂದು ನನಗೆ ಹೊಟ್ಟೆಕಿಚ್ಚಾಯಿತು. ಸತ್ತವರ ಮೇಲೆ ಸಿಟ್ಟು ಬರುತ್ತದೆ, ಅದನ್ನು ತೀರಿಸಿಕೊಳ್ಳಲು ಜನ ಇರುವುದಿಲ್ಲ.

ಸೀಟಿನಡಿ ಕನೆಕ್ಟರುಗಳಿವೆ ಎಂದು ಅವರು ಬ್ಯಾಟರಿ ಕಳಚಿ, ಕಾರ್ಪೆಟ್ ಎತ್ತಿ, ಅಡಿಯ ಸ್ಪಂಜಿಗೆ ಫ್ಯಾನ್ ಇಟ್ಟರು. ಒಣಗಲು ಸೋಮವಾರದ ತನಕ ಬೇಕು ಎಂದರು. ನಾನು ಬಸ್ಸಿನಲ್ಲಿ ಮನೆಗೆ ಬಂದೆ. ಭಾನುವಾರ ಅಣ್ಣ ಪಾರ್ಟಿಯನ್ನು ಕರೆತಂದಾಗ ಪಾರ್ಕಿಂಗಿನಲ್ಲಿ ಕಾರೇ ಇರಲಿಲ್ಲ. ಸೋರುವುದು ನಿಂತಿತು, ಕಾರು ಕೊಡುವುದಿಲ್ಲ ಎಂದೆ. ಯಾಕೆ ಸೋರಿತು ಎಂದು ಅವನು ಕೇಳಿದ. ಕಸ ಕೂತಿತ್ತು ಎಂದೆ. ಅವನು ಹಾಕಿದ ಅಕ್ಷತೆಯ ವಿಷಯ ಎತ್ತಲಿಲ್ಲ. ಅವನ ಕೈ ನನಗೆ ಒಳ್ಳೆಯದಾಗಲಿ ಎಂದೇ ಎದ್ದದ್ದು.

ಆ ಮಳೆಗಾಲ ಒಂದು ಹನಿ ಒಳಗೆ ಬರಲಿಲ್ಲ.

ಈ ವರ್ಷ ಮೇ ಕೊನೆಯ ಭಾನುವಾರ ನಾನೇ ಮಾಡಲು ಹೊರಟೆ. ನೈಲಾನ್ ದಾರ, ಚಿಮುಟ, ಚೊಂಬು, ಪ್ಲಾಸ್ಟಿಕ್ ಸ್ಟೂಲು. ಮುಂದಿನ ಎರಡು ಪೈಪುಗಳನ್ನು ನಾನು ಮಾಡಿದರೆ ಸಾಕು, ಹಿಂದಿನವನ್ನು ಮೆಕ್ಯಾನಿಕ್ ನೋಡುತ್ತೇನೆಂದಿದ್ದರು. ದಾರ ಚೆನ್ನಾಗಿಯೇ ಇಳಿಯಿತು. ನೀರು ಹಾಕಿದೆ. ಹೊರಗೆ ಬಂತೋ ಎಂದು ನೋಡಬೇಕಲ್ಲ, ಸ್ಟೂಲಿನಿಂದ ಇಳಿದು ಬಗ್ಗಿ ನೋಡುವಷ್ಟರಲ್ಲಿ ನೆಲ ಬರೀ ಒದ್ದೆ. ಅದು ಈಗ ಬಂದ ನೀರೋ, ನನ್ನ ಚೊಂಬಿನಿಂದ ಚೆಲ್ಲಿದ್ದೋ ತಿಳಿಯಲಿಲ್ಲ. ಮತ್ತೆ ಹತ್ತಿದೆ, ಹಾಕಿದೆ, ಇಳಿದೆ. ಮೂರು ಸಲ ಹೀಗಾಯಿತು, ಮಂಡಿ ಹಿಡಿದುಕೊಂಡಿತು. ಮೇಲೆ ಒಬ್ಬರು ನೀರು ಹಾಕಬೇಕು, ಕೆಳಗೆ ಒಬ್ಬರು ನೋಡಬೇಕು. ಅದು ಇಬ್ಬರ ಕೆಲಸ.

ಆಗ ನೆನಪಾಯಿತು. ಕಾರು ಬಂದ ಮರುವರ್ಷ, ಇಂಥದ್ದೇ ಒಂದು ಭಾನುವಾರ, ಇವರು ಪಾರ್ಕಿಂಗಿನಿಂದ ಫೋನ್ ಮಾಡಿದ್ದರು.

"ಐದು ನಿಮಿಷ ಕೆಳಗೆ ಬರ್ತೀಯಾ?"

"ಎಂತಕ್ಕೆ?"

"ಎಂತ ಇಲ್ಲ. ಇಲ್ಲಿ ನೀರು ಬರ್ತದಾ ಅಂತ ನೋಡಿ ಹೇಳ್ಲಿಕ್ಕೆ."

ನಾನು ಟಿ.ವಿ. ನೋಡುತ್ತಿದ್ದೆ. ಪೇಪರ್ ತಿದ್ದಲಿಕ್ಕುಂಟು, ವಾಚ್‌ಮನ್‌ನನ್ನು ಕರೆಯಿರಿ ಎಂದು ಫೋನ್ ಇಟ್ಟೆ. ಒಂದು ಗಂಟೆ ಕಳೆದು ಇವರು ಅಂಗಿಯೆಲ್ಲ ಒದ್ದೆ ಮಾಡಿಕೊಂಡು ಮೇಲೆ ಬಂದರು. ಮರುವರ್ಷ ನನ್ನನ್ನು ಕರೆಯಲಿಲ್ಲ.