ಸಿಂಧೂಬಾಯಿ ಮತ್ತು ಪಡುವಣದ ಸಜ್ಜಾ

ಪುಣೆಯ ಪಾನ್ಸೆಯವರ ಆರ್ಕಿಟೆಕ್ಟ್ ಕಚೇರಿಯಲ್ಲಿ ಸಿಂಧೂಬಾಯಿ ಖಿಲಾರೆ ನಕ್ಷೆ ಎಳೆಯಲು ಕೂತು ಇಪ್ಪತ್ತೆಂಟು ವರ್ಷ. ಪರಿಸರಕ್ಕೆ ಹಿತವಾದ ಕಟ್ಟಡಗಳಿಗೆ ದರ್ಜೆ ಕೊಡುವ ಹಸಿರು ಕಟ್ಟಡದ ಅಂಕಪಟ್ಟಿ ಬಂದಾಗ ಅದರ ದಪ್ಪ ಕೈಪಿಡಿ ಓದುವ ತಾಳ್ಮೆ ಉಳಿದವರಿಗ್ಯಾರಿಗೂ ಇರಲಿಲ್ಲ. ಸಿಂಧೂಬಾಯಿ ಕೂತು ಓದಿದರು, ಒಂದೊಂದು ಸಾಲೂ.

ಹೈನು ಸಂಘದ ಹೊಸ ಕಚೇರಿಗೆ ಅವರು ಕೂಡಿಸಿದ್ದು ಅರವತ್ತೆರಡು ಅಂಕ. ಅರವತ್ತು ಮುಟ್ಟಿದರೆ ಚಿನ್ನದ ದರ್ಜೆ. ಅದರಲ್ಲಿ ಹನ್ನೊಂದು ಬಂದದ್ದು ವಿದ್ಯುತ್ ಉಳಿತಾಯದಿಂದ. ಇಡೀ ಪಟ್ಟಿಯಲ್ಲೇ ದೊಡ್ಡ ಗಂಟು ಅದು, ಹದಿನೆಂಟರವರೆಗೆ ಸಿಗುತ್ತದೆ. ಪಡುವಣದ ಚಿಕ್ಕ ಕಿಟಕಿಗಳು, ಅವುಗಳ ಮೇಲೆ ಬಿಸಿಲು ತಡೆಯಲು ಚಾಚಿದ ಆಳವಾದ ಸಜ್ಜಾ, ಎಲ್ಲ ಅದಕ್ಕೇ.

ಹಿರಿಯ ಪಾನ್ಸೆಯವರು ಹೋದ ಮೇಲೆ ಕುರ್ಚಿಗೆ ಬಂದ ಮಗ ನಚಿಕೇತ್ ಪಾನ್ಸೆಗೆ ಸಜ್ಜಾ ಕಂಡರಾಗದು. ನಕ್ಷೆಯಿಂದ ಅದನ್ನು ಕಿತ್ತುಹಾಕಿ ಪಡುವಣಕ್ಕೆ ನೆಲದಿಂದ ಸೂರಿನವರೆಗೆ ಗಾಜು ಹೊದಿಸಿದ.

"ಸಾರ್, ಉಳಿತಾಯ ನೂರಕ್ಕೆ ಇಪ್ಪತ್ತಾರಿದ್ದದ್ದು ಹದಿನಾಲ್ಕಕ್ಕೆ ಬಿತ್ತು. ಹನ್ನೊಂದು ಅಂಕ ಹೋಗಿ ಐದಾಯ್ತು. ಒಟ್ಟು ಐವತ್ತಾರು."

"ಅದಕ್ಯಾಕೆ ಗೋಳಾಡ್ತೀರಿ? ಸೈಕಲ್ ನಿಲ್ದಾಣ ಒಂದು, ಸ್ನಾನದ ಮನೆ ಒಂದು, ಕಾರು ಚಾರ್ಜು ಮಾಡೋದು ಒಂದು, ಹೊರಗಿನ ದೀಪ ಒಂದು. ನಾಲ್ಕು ಬಂತಲ್ಲ! ಸರಿಯಾಗಿ ಅರವತ್ತು. ನೀವು ಗೆರೆ ಎಳೀರಿ, ಸಾಕು."

ಗೆರೆ ಎಳೀರಿ, ಸಾಕಂತೆ! ಇವನು ಚಡ್ಡಿ ಹಾಕಿಕೊಂಡು ಓಡಾಡುವಾಗ ಅಪ್ಪನ ತಪ್ಪು ತಿದ್ದಿದ ಕೈ ಇದು. ಸಿಂಧೂಬಾಯಿಗೆ ಮೈಯೆಲ್ಲ ಉರಿದುಹೋಯಿತು. ಆ ಗಾಜಿನ ಹಿಂದೆ ಕೂರುವವರು ಹಾಲಿನ ಲೆಕ್ಕ ಬರೆಯುವ ನಲವತ್ತು ಜನ. ಏಪ್ರಿಲ್ ಮಧ್ಯಾಹ್ನ ಅವರು ಬೇಯಬೇಕು, ಬಾಗಿಲಲ್ಲಿ ಮಾತ್ರ ಚಿನ್ನದ ಫಲಕ! ಯಾವ ನ್ಯಾಯ ಇದು?

ಸಭೆಗೆ ಸಂಘದ ಅಧ್ಯಕ್ಷ ಮಾರುತರಾವ್ ಗೋಳೆ ಬಂದರು. ನಚಿಕೇತ್ ಗಾಜಿನ ಚಿತ್ರ ತೋರಿಸಿ, "ಅರವತ್ತು ಖಾತ್ರಿ, ಸಾಹೇಬ್ರೇ" ಅಂದ.

ಬಾಯಿ ಎದ್ದು ನಿಂತರು. "ಐವತ್ತೊಂಬತ್ತು."

"ಸಿಂಧೂಬಾಯಿ, ಕೂತ್ಕೊಳ್ಳಿ."

"ಕೂತು ಕೂತು ಸಾಕಾಗಿದೆ ಸಾರ್. ಸೈಕಲ್‌ಗೆ ಜಾಗವೂ ಇರಬೇಕು, ತುಳಿದು ಬಂದವರಿಗೆ ಸ್ನಾನದ ಮನೆಯೂ ಇರಬೇಕು. ಎರಡೂ ಸೇರಿ ಒಂದೇ ಅಂಕ. ನೀವು ಎರಡು ಅಂತ ಎಣಿಸಿದ್ದೀರಿ. ಇಗೋ, ಪುಟ ತೆಗೆದಿಟ್ಟಿದ್ದೀನಿ, ಓದಿ."

ನಚಿಕೇತ್ ಓದಿದ. ಮುಖ ಹುಳ್ಳಗಾಯಿತು.

ಗೋಳೆ ಪಟ್ಟಿಯನ್ನು ತಮ್ಮತ್ತ ಎಳೆದುಕೊಂಡರು. "ಬಾಯಿ, ಆ ಸಜ್ಜಾ ಇದ್ದಿದ್ರೆ?"

"ಅದಿದ್ದಾಗ ಅರವತ್ತೆರಡಿತ್ತು ರಾವ್‌ಸಾಹೇಬ್. ನಿಮ್ಮ ಗುಮಾಸ್ತರಿಗೆ ನೆರಳೂ ಇತ್ತು."

"ಹಾಗಾದ್ರೆ ತೆಗೆದವರ್ಯಾರು?"

ಗೋಳೆ ಎದ್ದರು. "ಮೊದಲು ಹೇಗಿತ್ತೋ ಹಾಗೇ ಕಟ್ಟಿ."

ಅವರು ಅತ್ತ ಹೋದದ್ದೇ ನಚಿಕೇತ್ ಹಲ್ಲು ಕಡಿದ. "ಇನ್ನು ಮುಂದೆ ಸಭೆಗೆ ನೀವು ಬರೋದು ಬೇಡ."

"ಬರಲ್ಲ ಬಿಡಿ. ಆದ್ರೆ ಪಟ್ಟಿ ಕಳಿಸೋ ಮುಂಚೆ ನನ್ನ ಮೇಜಿಗೆ ಬರಬೇಕಾದವರು ನೀವೇ," ಎಂದು ಸಿಂಧೂಬಾಯಿ ಕನ್ನಡಕ ಏರಿಸಿಕೊಂಡು, ಪಡುವಣದ ಮೊದಲ ಕಿಟಕಿಯ ಮೇಲೆ ಸಜ್ಜಾ ಎಳೆಯಲು ಕೂತರು.