ಕಾಂಚನಾಳ ಅರ್ಧ ತಾಸಿನ ಸಭೆ

ಬನಹಟ್ಟಿಯ ನೇಕಾರರ ಸಂಘದಲ್ಲಿ ಸಭೆ ಮೂರು ಗಂಟೆಗೆ ಎಂದರೆ ಮಂದಿ ಸೇರುವುದು ಮೂರೂವರೆಗೆ. ಕರೆಂಟಿನ ಮಗ್ಗ ನಿಲ್ಲಿಸಬೇಕು, ಕೈಕಾಲು ತೊಳೆಯಬೇಕು, ದಾರಿಯಲ್ಲಿ ನಾಲ್ಕು ಮಾತಾಡಬೇಕು. ಸಂಘದ ಕಾರ್ಯದರ್ಶಿ ಕಾಂಚನಾಳಿಗೆ ಇದೇನೂ ಹೊಸದಲ್ಲ. ಮಗ್ಗದ ಸಪ್ಪಳದಲ್ಲೇ ತೊಟ್ಟಿಲಲ್ಲಿ ನಿದ್ದೆ ಮಾಡಿದವಳು ಅವಳು. ಗಂಡ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೋಗುತ್ತಾನೆ, ಇವಳು ಸಂಘದ ಆಫೀಸಿಗೆ ಬರುತ್ತಾಳೆ. ದನಿ ಎತ್ತಿ ಮಾತಾಡುವವಳಲ್ಲ. ಹಿಡಿದ ಕೆಲಸ ಬಿಡುವವಳೂ ಅಲ್ಲ.

ಲೈನ್ ದುರಸ್ತಿಗೆಂದು ಗುರುವಾರ ನಾಲ್ಕರವರೆಗೆ ಕರೆಂಟ್ ಇರುವುದಿಲ್ಲ ಎಂದು ತಿಳಿದು, ಮೂರರಿಂದ ಒಂದು ತಾಸಿನ ಸಭೆ ಕರೆದಿದ್ದಳು. ಬುಧವಾರ ಮಧ್ಯಾಹ್ನ ಕರೆಂಟಿನ ಆಫೀಸಿನಿಂದ ಬೇರೆ ಸುದ್ದಿ ಬಂತು: ಮೂರೂವರೆಗೇ ಕರೆಂಟ್ ಬರುತ್ತದೆ. ಕರೆಂಟ್ ಬಂದ ಮೇಲೆ ಬನಹಟ್ಟಿಯಲ್ಲಿ ಯಾರನ್ನು ಕುರ್ಚಿಯ ಮೇಲೆ ಕೂರಿಸಲಾದೀತು?

"ಅದಕ್ಯಾಕ ತಲಿ ಕೆಡಿಸ್ಕೋತಿವಾ?" ಎಂದರು ಅಧ್ಯಕ್ಷ ಪರಮಾನಂದ. "ತಳದಾಗಿನ ಎರಡು ವಿಷಯ ತಗದ್ಹಾಕು. ಮುಂದಿನ ತಿಂಗಳು ನೋಡೂಣು."

ಸಭೆಯ ಪಟ್ಟಿಯ ತೀರ ತಳದಲ್ಲಿದ್ದದ್ದು ಅನಸವ್ವನ ಕಿಟಕಿ.

ಅನಸವ್ವ ಸಂಘದ ಹಿಂದಿನ ಕೋಣೆಯಲ್ಲಿ ಕಂಡಿಕೆ ಸುತ್ತುವ ಹೆಂಗಸರಲ್ಲಿ ಹಿರಿಯಳು. ಲಾಳಿಯೊಳಗೆ ಕೂರುವ ಸಣ್ಣ ಕಡ್ಡಿಗೆ ನೂಲು ಸುತ್ತುವ ಕೆಲಸ. ನೂಲು ತಿರುಗಿದಂತೆಲ್ಲ ಹತ್ತಿಯ ಧೂಳು ಏಳುತ್ತದೆ, ಆ ಕೋಣೆಗೆ ಒಂದೂ ಕಿಟಕಿಯಿಲ್ಲ. ಹಿಂದಿನ ಎರಡು ಸಭೆಗಳಲ್ಲಿ ಅವಳ ವಿಷಯ ಕಡೆಗೇ ಇತ್ತು. ಎರಡು ಸಲವೂ ಹೊತ್ತು ಸಾಲದೆ ಉಳಿದುಹೋಗಿತ್ತು. ಈಗ ಕೆಮ್ಮು ಹತ್ತಿ, "ಈ ಸಲಾನೂ ಆಗಲಿಲ್ಲಂದ್ರ ನಾ ಮನಿ ಹಿಡೀತೀನಿ ನೋಡು" ಎಂದಿದ್ದಳು.

ಕಾಂಚನಾ ಒಂದೊಂದೇ ವಿಷಯಕ್ಕೆ ಬೆರಳಿಟ್ಟು ಯೋಚಿಸಿದಳು. ಇದಕ್ಕೆ ಎಲ್ಲರೂ ಕೂಡಿ ಕೂರಲೇಬೇಕೇ? ನೋಡಿದರೆ ಸಾಕಾಗುವುದು, ಓದಿದರೆ ಸಾಕಾಗುವುದು ಎಲ್ಲ ಪಟ್ಟಿಯಿಂದ ಹೊರಗೆ ಬಂದವು.

"ಕಾಕಾರ, ನಿಮ್ಮ ನಾಲ್ಕು ಮಾತೂ ತಗದೀನ್ರಿ" ಎಂದಳು.

"ಅಧ್ಯಕ್ಷನ ಮಾತ ತಗದಿ?"

"ಚಾ ಕುಡಿಯಾಗ ಮಾತಾಡ್ರಿ. ಕೈಯಾಗ ಕಪ್ಪಿದ್ದಾಗ ಯಾರೂ ಓಡಿ ಹೋಗಂಗಿಲ್ಲ."

"ಭಾಳ ಶಾಣ್ಯಾಕಿ ಅದಿ" ಎಂದು ನಕ್ಕು ಒಪ್ಪಿದರು.

ಸಂಘದ ವಾಟ್ಸಾಪ್ ಗುಂಪಿಗೆ ದನಿಯಲ್ಲೇ ಹೇಳಿ ಕಳಿಸಿದಳು: "ನಮಸ್ಕಾರ್ರಿ. ನಾಳಿ ಮೀಟಿಂಗ್ ಒಂದು ತಾಸಲ್ಲ, ಅರ್ಧಾ ತಾಸು. ಕರೆಂಟ್ ಲಗೂನ ಬರತೈತಿ, ಅದಕ್ಕ. ವಿಷಯ ಎರಡ. ಮೊದಲು ಕಂಡಿಕಿ ಕೋಣಿ ಕಿಟಕಿ, ಆಮ್ಯಾಲ ನೂಲು ತರೂ ಪಾಳಿ. ಹೊಸಾ ನೂಲಿನ ಸ್ಯಾಂಪಲ್ ಆಫೀಸಿನ್ಯಾಗ ಇಟ್ಟಿರ್ತೀನಿ, ಬಿಡುವಾದಾಗ ನೋಡ್ರಿ. ಚಿಕ್ಕಪಡಸಲಗಿ ಬ್ಯಾರೇಜ್ ನೋಡಾಕ ಹೋಗೂ ಟ್ರಿಪ್ಪಿನ ಮಾತು ಮುಂದಿನ ತಿಂಗಳು. ಚಾ ಕಡೀಕ."

ಮೊದಲ ಉತ್ತರ ಗಂಗಾರಾಮನದು. "ಅರ್ಧಾ ತಾಸು ಕಡಿಮಿ ಆತಂದ್ರ ಮೂರೂವರಿಗೆ ಬಂದ್ರ ನಡೀತೈತಲ್ಲ ಅಕ್ಕಾರ?"

ಕಾಂಚನಾ ತಲೆಗೆ ಕೈ ಹಚ್ಚಿಕೊಂಡಳು. ಎಷ್ಟು ಹೊತ್ತು ಎಂದು ಹೇಳಿದ್ದಳು, ಎಷ್ಟಕ್ಕೆ ಶುರು ಎಂದು ಹೇಳಿರಲಿಲ್ಲ. ಮತ್ತೊಮ್ಮೆ ಕಳಿಸಿದಳು: "ಮೂರಕ್ಕ ಚಾಲೂ, ಮೂರೂವರಿಗೆ ಮುಗೀತು. ಮೂರೂವರಿಗೆ ಬಂದವರಿಗೆ ಚಾ ಸಿಗತೈತಿ, ಮೀಟಿಂಗ್ ಸಿಗಂಗಿಲ್ಲ."

ಮಗ್ಗ ನಡೆಯುವಾಗ ಫೋನು ಯಾರಿಗೆ ಕೇಳಬೇಕು? ಮರುದಿನ ಮುಂಜಾನೆ ತಾನೇ ಓಣಿ ತಿರುಗಿ ಹೇಳಿ ಬಂದಳು. ನೂಲಿನ ಗೋದಾಮು ನೋಡಿಕೊಳ್ಳುವ ಲಗಮಪ್ಪ ಮುಖ ಗಂಟಿಕ್ಕಿದ.

"ಕಿಟಕಿ ಮೊದಲನೇ ವಿಷಯನ? ಆ ಕೋಣಿ ಮಗ್ಗಲಾಗ ನನ್ನ ನೂಲು ಐತಿ. ಮಳಿ ಒಳಗ ಬಂದ್ರ ತೋಯಸ್ಕೊಂಡು ಕೂಡೂದನ?"

"ಅದನ್ನ ಅಲ್ಲೇ ಹೇಳ್ರಿ ಮಾಮಾರ. ಎಲ್ಲಿ ತಗದ್ರ ತೋಯಂಗಿಲ್ಲ ಅನ್ನೂದನ್ನೂ ನೋಡ್ಕೊಂಡು ಬರ್ರಿ. ಅಲ್ಲಿ ಬಂದು ವಿಚಾರ ಮಾಡಾಕ ಹೊತ್ತಿಲ್ಲ."

ಮೂರಕ್ಕೆ ಕುರ್ಚಿಗಳು ಹೆಚ್ಚುಕಡಿಮೆ ತುಂಬಿದ್ದವು. ಕಾಂಚನಾ ಕಾಯಲಿಲ್ಲ. ಅನಸವ್ವ ಎದ್ದು ನಿಂತು, ಸೆರಗು ಕೊಡವಿದಳು. ಬಿಳಿ ಧೂಳು ಮುಂದಿನ ಸಾಲಿನವರ ಮೇಲೆ ಬಿತ್ತು. "ಇದನ್ನ ದಿನಾ ನುಂಗಾಕತ್ತೇವಿ. ಮತ್ತೇನ್ ಹೇಳ್ಲಿ?" ಎಂದು ಕೂತಳು.

ಎಲ್ಲರೂ ಲಗಮಪ್ಪನ ಕಡೆ ತಿರುಗಿದರು. ಜಗಳಕ್ಕೆಂದು ಹೊರಟವನು ದಾರಿಯಲ್ಲಿ ಗೋಡೆ ನೋಡಿಯೇ ಬಂದಿದ್ದ. "ಗೋದಾಮಿನ ಕಡೆ ಬ್ಯಾಡ. ಓಣಿ ಕಡೆ ಗ್ವಾಡಿಗೆ ತಗೀರಿ, ಮ್ಯಾಲ ತಗಡು ಬಡೀರಿ. ಹಂಗ ಮಾಡಿದ್ರ ನಂದೇನೂ ತಕರಾರಿಲ್ಲ." ಕೈಗಳು ಮೇಲೆದ್ದವು. ಕಿಟಕಿ ಆಯಿತು.

ನೂಲು ತರುವ ಪಾಳಿಯೂ ಮುಗಿಯುವ ಹೊತ್ತಿಗೆ ಗಂಗಾರಾಮ ಒಳಗೆ ಬಂದ.

"ಬಾರಪಾ, ಮೊದಲನೇ ಪಾಳಿ ನಿಂದ" ಎಂದ ಲಗಮಪ್ಪ.

"ನನ್ನ ಕೇಳದ?"

"ಕೇಳಾಕ ನೀ ಎಲ್ಲಿದ್ದಿ?"

ನಗೆಯ ನಡುವೆ ಚಹಾ ಬಂತು. ಪರಮಾನಂದರು ಕಪ್ಪು ಹಿಡಿದು, "ಬಂಧುಗಳೇ" ಎನ್ನುವಷ್ಟರಲ್ಲಿ ದೀಪ ಹತ್ತಿತು. ಓಣಿಯ ತುಂಬ ಮಗ್ಗಗಳು ಖಟಖಟ ಶುರುವಿಟ್ಟವು. ಅವರ ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ಅದಕ್ಕೂ ಕಾಂಚನಾ ತಲೆದೂಗುತ್ತ ನಿಂತಳು.

ಅನಸವ್ವ ಅಲ್ಲಿರಲಿಲ್ಲ. ಚಹಾದ ಒಲೆಯಿಂದ ಒಂದು ತುಂಡು ಇದ್ದಿಲು ಎತ್ತಿಕೊಂಡು ಹಿಂದಿನ ಕೋಣೆಗೆ ಹೋಗಿದ್ದಳು. ಓಣಿಯ ಕಡೆಯ ಗೋಡೆಗೆ, ತಾನು ಕೂತಾಗ ಮುಖಕ್ಕೆ ಗಾಳಿ ಬರುವ ಎತ್ತರದಲ್ಲಿ, ಸೊಟ್ಟಪಟ್ಟ ಒಂದು ಚೌಕ ಬರೆಯುತ್ತಿದ್ದಳು.