ಹತ್ತು ನಿಮಿಷದ ಡಬ್ಬಿ

ಬಾಗಿಲಿಗೆ ಬೋರ್ಡಿಲ್ಲದ, ಒಳಗೆ ಕೂತು ಉಣ್ಣಲು ಬೆಂಚೂ ಇಲ್ಲದ ಅಡುಗೆಮನೆ ಅದು. ಫೋನಿನಲ್ಲಿ ಎಷ್ಟು ಆರ್ಡರ್ ಬರುತ್ತದೋ ಅಷ್ಟೇ ಬೇಯುತ್ತದೆ, ಡಬ್ಬಿಯಾಗಿ ಹೊರಡುತ್ತದೆ. ನಡೆಸುವವರು ಇಬ್ಬರು ಹೆಂಗಸರು. ಒಲೆ ಅತ್ತಿಗೆಯದು. ಆರ್ಡರು, ಜಾಹೀರಾತು, ಜನರ ಬಳಿ ಮಾತಾಡುವುದು ಇವಳದು. ಮಗು ಹುಟ್ಟಿದ ಮೇಲೆ ಕಚೇರಿ ಕೆಲಸ ಬಿಟ್ಟವಳು ಇವಳು. ಹಗಲಿಡೀ ಮಗುವನ್ನು ಅತ್ತೆ ನೋಡಿಕೊಳ್ಳುತ್ತಿದ್ದರೂ ಮನಸ್ಸು ಮಾತ್ರ ಅತ್ತಲೇ ಜಗ್ಗುತ್ತಿರುತ್ತಿತ್ತು. ಒಂದು ದೊಡ್ಡ ಕಚೇರಿ ಖಾಯಂ ಗಿರಾಕಿಯಾಗದಿದ್ದರೆ ತಿಂಗಳ ಕೊನೆಗೆ ಅಡುಗೆಮನೆಗೆ ಬೀಗ ಹಾಕುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು.

ಹಾಗಿರುವಾಗಲೇ ಮೂರು ಅಂತಸ್ತಿನ ಒಂದು ಕಚೇರಿಯಿಂದ ಕರೆ ಬಂತು. ಗಾಜಿನ ಕೋಣೆಯಲ್ಲಿ ಮ್ಯಾನೇಜರ್ ಎದುರು ಅವಳು ಒಂದೇ ಉಸಿರಿಗೆ ಹೇಳಿದ್ದಳು: ಪಾಲಿಶ್ ಮಾಡದ ಅಕ್ಕಿಯ ಅನ್ನ, ಬೇಯಿಸಿದ ಕಾಳು, ಹಸಿ ಕ್ಯಾರೆಟ್ಟು, ಎಲೆಕೋಸು, ಎಣ್ಣೆ ಕಡಿಮೆ, ಮುಚ್ಚಳದ ಮೇಲೆ ಏನೇನಿದೆ ಎಂಬ ಚೀಟಿ. ಹಿಂದಿನ ಸಂಜೆ ಆರ್ಡರ್ ಕೊಟ್ಟರೆ ಊಟದ ಹೊತ್ತಿಗೆ ಡಬ್ಬಿ ಮೇಜಿನ ಮೇಲೆ. ಮ್ಯಾನೇಜರ್ ಗಡಿಯಾರ ನೋಡುತ್ತ ಕೇಳುತ್ತಿದ್ದರು. ಕೊನೆಗೆ ಅವಳು ಒಂದು ಸಾಲು ಬಿಟ್ಟಳು: "ಹತ್ತೇ ನಿಮಿಷದಲ್ಲಿ ಊಟ ಮುಗಿಯುತ್ತೆ. ಹೊಟ್ಟೆಗೂ ಹಿತ, ಕೆಲಸಕ್ಕೂ ಹಿತ." ಅವರ ಮುಖ ಅರಳಿತು. ಒಂದು ವಾರ ಒಂದು ಅಂತಸ್ತಿಗೆ ಮಾತ್ರ ಪರೀಕ್ಷೆಗೆ ಕೊಡಿ ಎಂದರು. ಹತ್ತು ನಿಮಿಷ ಎಂಬುದು ಎಲ್ಲಿಂದ ಬಂತೆಂದು ಅವಳಿಗೇ ಗೊತ್ತಿರಲಿಲ್ಲ. ಕೇಳಲು ಚೆನ್ನಾಗಿತ್ತು, ಅಷ್ಟೆ. ಸಾಲು ಮುಚ್ಚಳಗಳ ಮೇಲೆ ಅಚ್ಚಾಯಿತು.

ಪರೀಕ್ಷೆಯ ಡಬ್ಬಿಗಳು ವಾಪಸ್ಸು ಬಂದಾಗ ಅತ್ತಿಗೆ ಒಂದೊಂದೇ ಮುಚ್ಚಳ ತೆಗೆದು ನೋಡಿದಳು. ಅನ್ನ ಮುಗಿದಿತ್ತು, ಕಾಳು ಅರ್ಧ ಹಾಗೇ ಉಳಿದಿತ್ತು, ಕ್ಯಾರೆಟ್ಟು ಮುಟ್ಟಿದಂತೆಯೇ ಇರಲಿಲ್ಲ. ಮರುದಿನವೂ ಅದೇ. ಉಪ್ಪು ಕಡಿಮೆಯಾಯಿತೇನೋ ಎಂದು ಅತ್ತಿಗೆ ಮೂರು ಸಲ ರುಚಿ ನೋಡಿದಳು, ಆಮೇಲೆ ಸಿಡುಕಿದಳು.

"ನೀನೇ ಒಂದ್ ಡಬ್ಬಿ ತಿಂದು ನೋಡು. ಹತ್ತು ನಿಮಿಷದಲ್ಲಿ ಮುಗಿಸು, ನೋಡೋಣ."

ಅವಳು ತಿಂದಳು. ಕಾಳು ಅಗಿಯಬೇಕು, ಕ್ಯಾರೆಟ್ಟು ಇನ್ನೂ ಅಗಿಯಬೇಕು. ಹತ್ತು ನಿಮಿಷ ಕಳೆದಾಗ ಡಬ್ಬಿ ಅರ್ಧವೂ ಖಾಲಿಯಾಗಿರಲಿಲ್ಲ, ದವಡೆ ಮಾತ್ರ ನೋಯುತ್ತಿತ್ತು.

"ಮಗೂಗೆ ತಿನ್ನಿಸೋವಾಗ ಮಾತ್ರ ನಿಧಾನಕ್ಕೆ ಅಗಿ ಅಂತೀಯಾ," ಎಂದಳು ಅತ್ತಿಗೆ.

ವಾರ ಮುಗಿದ ದಿನ ಡಬ್ಬಿ ಕೊಡಲು ಅವಳೇ ಹೋದಳು. ಬಾಗಿಲ ಬಳಿ ಕೂರುವ ಹುಡುಗಿ ಡಬ್ಬಿ ತೆಗೆದುಕೊಳ್ಳುತ್ತ ದನಿ ತಗ್ಗಿಸಿದಳು. "ನಿಮ್ಮೂಟ ಚೆನ್ನಾಗೇ ಇದೆ ಅಕ್ಕಾ. ಆದ್ರೆ ಮೊದಲು ನಮಗೆ ಅರ್ಧ ಗಂಟೆ ಬಿಡುವಿತ್ತು. ಹತ್ತು ನಿಮಿಷ ಸಾಕಂತಲ್ಲ ಅಂತ ಈಗ ಕಾಲು ಗಂಟೆ ಮಾಡಿದಾರೆ. ಅದರಲ್ಲೇ ಕೈ ತೊಳ್ಕೋಬೇಕು."

ಅವಳ ಬಾಯಿಗೆ ಸುಮ್ಮನೆ ಬಂದ ಒಂದು ಸಾಲು ಇಷ್ಟು ಜನರ ತುತ್ತಿನ ಹೊತ್ತನ್ನು ನುಂಗಿತ್ತು.

ಮ್ಯಾನೇಜರ್ ಬಳಿ ಹೋದವಳು ತಡವರಿಸುತ್ತಲೇ ಹೇಳಿದಳು: ಸಾಲು ತಪ್ಪಾಗಿದೆ, ಆರೋಗ್ಯದ ಊಟಕ್ಕೆ ಅಗಿಯುವ ಹೊತ್ತು ಬೇಕು, ಮುಚ್ಚಳ ಬದಲಿಸುತ್ತೇನೆ. ಅವರು ನಕ್ಕರು, ಕೆಟ್ಟ ನಗೆಯೇನಲ್ಲ.

"ಸಾಲು ಹಾಗೇ ಇರಲಿ ಮೇಡಂ. ಮೇಲಿನವರಿಗೆ ಹಿಡಿಸಿದ್ದೇ ಅದು. ಊಟ ಸ್ವಲ್ಪ ಮೆತ್ತಗೆ ಮಾಡಿ. ಮೂರೂ ಅಂತಸ್ತಿಗೆ ನಿಮ್ಮದೇ."

"ಮೆತ್ತಗೆ ಮಾಡಿದ್ರೆ ಅದು ನಮ್ಮ ಊಟ ಅಲ್ಲ ಸರ್."

"ಹಾಗಾದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ. ಬಿಡುವು ಮತ್ತೆ ಜಾಸ್ತಿ ಮಾಡೋದು ನನ್ನ ಕೈಲಿಲ್ಲ. ನಾನೂ ಕಾಲು ಗಂಟೇಲೇ ಮುಗಿಸೋದು."

ಅವಳು ಬೇಡ ಎನ್ನಬಹುದಿತ್ತು. ಬೇಡವೆಂದರೆ ಅಡುಗೆಮನೆಗೆ ಬೀಗ; ಆ ಜನಕ್ಕೆ ಇನ್ನೊಬ್ಬರ ಡಬ್ಬಿ, ಕಾಲು ಗಂಟೆ ಮಾತ್ರ ಅದೇ ಕಾಲು ಗಂಟೆ. ಹೂಂ ಎಂದರೆ ಆ ಕಾಲು ಗಂಟೆಗೆ ತನ್ನ ಹೆಸರಿನ ಮುದ್ರೆ ಬಿದ್ದಂತೆ. ಕೊನೆಗೆ ಅವಳು ಕೇಳಿದ್ದು ಒಂದೇ: ಮುಚ್ಚಳದ ಮೇಲಿನ ಚೀಟಿಯಲ್ಲಿ 'ನಿಧಾನವಾಗಿ ಅಗಿದು ತಿನ್ನಿ' ಎಂದು ಸಣ್ಣಕ್ಷರದಲ್ಲಿ ಸೇರಿಸಬಹುದೇ? ಸಣ್ಣಕ್ಷರವಾದರೆ ಅಡ್ಡಿಯಿಲ್ಲ ಎಂದರು ಮ್ಯಾನೇಜರ್.

"ಮೂರೂ ಅಂತಸ್ತು ಸಿಕ್ತು," ಎಂದಳು ಅಡುಗೆಮನೆಗೆ ಬಂದು. ಅತ್ತಿಗೆ ಒದ್ದೆ ಕೈಯಲ್ಲೇ ಅವಳನ್ನು ತಬ್ಬಿಕೊಂಡಳು. ಹಾಗಾದರೆ ಕ್ಯಾರೆಟ್ಟು ಹಸಿಯಾಗೇ ಇರಲಿ ಅಂದಿದಾರಾ, ಎಂದು ಕೇಳಿದಳು. ಹೆಚ್ಚಿಟ್ಟ ಕ್ಯಾರೆಟ್ಟನ್ನೆಲ್ಲ ಇವಳು ಕುಕ್ಕರಿಗೆ ಸುರಿದು, ಅದರ ಮೇಲೆ ನೀರು ಹಾಕಿದಳು. ಅತ್ತಿಗೆ ಅವಳ ಮುಖ ನೋಡಿದಳು, ಕುಕ್ಕರ್ ನೋಡಿದಳು, ಒಲೆ ಹಚ್ಚಿದಳು.